ಸೇವಂತಿಗೆ ಮಾರಿಗೆ ದಿನಾ ಎಷ್ಟು ಹೇಳೋದು? ನನ್ನ ಲೆಕ್ಕ

"ಚಿಕ್ಕಬಳ್ಳಾಪುರದಲ್ಲಿ ದೇವಸ್ಥಾನದ ಹತ್ರ ಹೂವಿನ ಗಾಡಿ ಇಟ್ಟಿದ್ದೀನಿ. ಹೆಚ್ಚಾಗಿ ಸೇವಂತಿಗೆ. ಮನೆಯಲ್ಲೇ ನಾನೂ ಅತ್ತೆಯೂ ಕಟ್ಟುತ್ತೀವಿ. ಮಾರ್ಕೆಟ್ ರೇಟ್ ಒಂದು ವಾರ 80, ಹಬ್ಬ ಬಂದರೆ 240, ಆಮೇಲೆ 20. ಮಾರಿಗೆ ಎಷ್ಟು ಹೇಳಬೇಕು ಅಂತಲೇ ಗೊತ್ತಾಗಲ್ಲ. ವ್ಯಾಪಾರ ಚೆನ್ನಾಗಿದ್ರೂ ಕೈಯಲ್ಲಿ ದುಡ್ಡು ನಿಲ್ಲಲ್ಲ."

ಅಕ್ಕ, ಕೆಜಿ ರೇಟು ನೋಡಿ ಮಾರಿನ ರೇಟು ಹೇಳಬೇಡಿ. ಮೊದಲು ಒಂದು ಕೆಜಿ ಹೂವನ್ನು ನಿಮ್ಮ ಕೈಯಲ್ಲಿ ಕಟ್ಟಿ ಎಷ್ಟು ಮಾರು ಬರುತ್ತದೆ ನೋಡಿ. ನಿಮ್ಮದೂ ಅತ್ತೆಯವರದೂ ಬೇರೆ ಬೇರೆ ಅಳೆಯಿರಿ, ಒಬ್ಬರದು ಒತ್ತು, ಇನ್ನೊಬ್ಬರದು ಸಡಿಲ ಇರುತ್ತದೆ. ಹೂವಿನ ಗಾತ್ರ ಬದಲಾದರೂ ಲೆಕ್ಕ ಬದಲಾಗುತ್ತದೆ. ಇಲ್ಲಿ ಕೆಜಿಗೆ 4 ಮಾರು ಅಂತ ಇಟ್ಟುಕೊಳ್ಳೋಣ.

ನೀವು 80ರ ದಿನ 5 ಕೆಜಿ ತಂದಿರಿ ಅನ್ನಿ. ಹೂವಿಗೆ 400. ಬಸ್ಸು, ಆಟೋಗೆ 60. ದಾರ, ಕವರಿಗೆ 20. ಲೆಕ್ಕಕ್ಕೆ 20 ಮಾರು ಬರಬೇಕು, ಆದರೆ ಉದುರಿದ್ದು, ಕಪ್ಪಾದದ್ದು ಆರಿಸಿ ಹಾಕಿದರೆ 18 ಉಳಿಯುತ್ತದೆ. ಕಟ್ಟುವ ಕೂಲಿ ಮಾರಿಗೆ 5 ರೂಪಾಯಿಯಂತೆ 90. ಮನೆಯವರೇ ಕಟ್ಟುತ್ತೀವಲ್ಲ ಅಂತ ಇದನ್ನು ಬಿಡಬೇಡಿ. ಅತ್ತೆಗೆ ಹುಷಾರಿಲ್ಲದ ದಿನ ಬೇರೆಯವರಿಗೆ ಕೊಡಲೇಬೇಕಾಗುತ್ತದೆ, ಆಗ ರೇಟು ಏರಿಸಿದರೆ ಗಿರಾಕಿ ಒಪ್ಪಲ್ಲ. ಒಟ್ಟು 570 ಆಯಿತು.

ಈ 570ನ್ನು 18ರಿಂದ ಭಾಗಿಸಬಾರದು, ಯಾಕೆಂದರೆ ಹದಿನೆಂಟೂ ಒಳ್ಳೆಯ ರೇಟಿಗೆ ಹೋಗಲ್ಲ. ಎರಡು ಮಾರು ಸಂಜೆಗೆ ಉಳಿದೇ ಉಳಿಯುತ್ತದೆ. 16ರಿಂದ ಭಾಗಿಸಿ, ಸುಮಾರು 36 ಬರುತ್ತದೆ. ಅದು ನಿಮ್ಮ ಅಸಲು. 50ಕ್ಕೆ ಮಾರಿದರೆ 800, ಸಂಜೆಯ ಎರಡು ಮಾರು 20ರಂತೆ 40. ದಿನದ ಕೊನೆಗೆ ಕೈಗೆ 270. ಕಟ್ಟಿದ ಕೂಲಿ 90 ಬೇರೆ.

ಇದೇ ಪ್ರಶ್ನೆಗೆ ಗೌರಿಬಿದನೂರಿನ ಅಣ್ಣ "ತಂದ ರೇಟಿಗೆ ಡಬಲ್ ಮಾಡಿ, ಅಷ್ಟೇ" ಅಂದಿದ್ದಾರೆ. ಅದು ಹಬ್ಬದ ದಿನಕ್ಕೆ ಸರಿ. 80ರ ದಿನ ಒಂದು ಮಾರಿನ ಹೂವಿಗೆ 20, ಡಬಲ್ ಅಂದರೆ 40. ಅಸಲೇ 36, ಮಿಕ್ಕ 4 ರೂಪಾಯಿಗೆ ಬಿಸಿಲಲ್ಲಿ ನಿಲ್ಲಬೇಕಾ? ಇನ್ನು ಪಿತೃಪಕ್ಷದಲ್ಲಿ 20ಕ್ಕೆ ಬಿದ್ದಾಗ ನೋಡಿ. ಹೂವಿಗೆ 100 ಸಾಕು, ಆದರೆ ಬಸ್ಸಿನವರು, ದಾರದ ಅಂಗಡಿಯವರು ಕಡಿಮೆ ಮಾಡಲ್ಲ. ಒಟ್ಟು 270 ಬರುತ್ತದೆ, ಅಸಲು ಮಾರಿಗೆ 17. ಡಬಲ್ ಲೆಕ್ಕದಲ್ಲಿ 10ಕ್ಕೆ ಮಾರಿದರೆ ಪ್ರತಿ ಮಾರಿಗೂ ಕೈಯಿಂದ ಹಾಕಿದಂತೆ. ನಿಮ್ಮ ಕೈಯಲ್ಲಿ ದುಡ್ಡು ನಿಲ್ಲದಿರುವುದು ಇಂಥ ಅಗ್ಗದ ದಿನಗಳಿಂದಲೇ ಅಂತ ನನ್ನ ಅನುಮಾನ. "ರೈತರು ಹೂವನ್ನ ರಸ್ತೆಗೆ ಸುರೀತಿದ್ದಾರೆ, ನೀವು 25 ಹೇಳ್ತೀರಲ್ಲ" ಅಂತ ಗಿರಾಕಿ ಜಗಳ ಆಡುತ್ತಾರೆ, ಆಡಲಿ. 25ಕ್ಕಿಂತ ಇಳಿಯಬೇಡಿ. ಬೇಕಿದ್ದರೆ ಆ ದಿನ ದಪ್ಪ ಹೂವು ಆರಿಸಿ ತಂದು ಒತ್ತಾಗಿ ಕಟ್ಟಿ ಕೊಡಿ.

ಈಗ ವರಮಹಾಲಕ್ಷ್ಮಿ ಹಿಂದಿನ ದಿನದ 240. ಹೂವಿಗೆ 1200, ಬಸ್ಸು, ದಾರ ಅದೇ 80. ಹಬ್ಬದಲ್ಲಿ ಕೂಲಿ 8 ಕೇಳುತ್ತಾರೆ, 144 ಅನ್ನಿ. ಒಟ್ಟು 1424, ಅಸಲು 89. ಮಾರ್ಕೆಟ್ ಮೂರು ಪಟ್ಟು ಏರಿದೆ, ನಿಮ್ಮ ಅಸಲು ಎರಡೂವರೆ ಪಟ್ಟಿನ ಹತ್ತಿರ ಮಾತ್ರ. 120 ಹೇಳಬಹುದು, 150 ಬೇಕಿಲ್ಲ. ಅವತ್ತು 150 ಕೊಟ್ಟವರು ಆಮೇಲೆ ಪಕ್ಕದ ಗಾಡಿಗೆ ಹೋಗುತ್ತಾರೆ.

ಹಬ್ಬದಲ್ಲಿ ಏಟು ಬೀಳುವುದು ರೇಟಿನಿಂದಲ್ಲ, ಉಳಿಕೆಯಿಂದ. 120ರಂತೆ 16 ಮಾರು ಹೋದರೆ ಸುಮಾರು 500 ಲಾಭ. 13 ಮಾತ್ರ ಹೋಗಿ 5 ಉಳಿದರೆ 136ಕ್ಕೆ ನಿಲ್ಲುತ್ತೀರಿ. ಮಾರನೇ ದಿನದ ಹೊಸ ಹೂವು ಅರ್ಧ ಬೆಲೆಗೆ ಬಂದಿರುತ್ತದೆ, ನಿಮ್ಮ ಹಳೇ ಹೂವನ್ನು ಯಾರು ಕೇಳುತ್ತಾರೆ? ಅದಕ್ಕೆ ಬೆಳಗ್ಗೆಯೇ ಒಂದು ಲೆಕ್ಕ ಬರೆದಿಡಿ: ಎಷ್ಟು ಮಾರು ಹೋದರೆ ಹಾಕಿದ ದುಡ್ಡು ಬರುತ್ತದೆ? ಇಲ್ಲಿ 12. ಹನ್ನೆರಡು ಹೋಗುವ ತನಕ 120ರಲ್ಲೇ ನಿಲ್ಲಿ. ಆಮೇಲೆ ಶುಕ್ರವಾರದ ಪೂಜೆ ಹೊತ್ತು ಕಳೆಯುತ್ತಿದೆ ಅನ್ನಿಸಿದರೆ 80ಕ್ಕೆ ಇಳಿಸಿ, ಇನ್ನೂ ಹೊತ್ತಾದರೆ 60. ಎಲ್ಲಾ ಮನೆಯಲ್ಲೂ ಮಂಗಳಾರತಿ ಆದ ಮೇಲೆ ಇಳಿಸಿದರೆ ಉಪಯೋಗವಿಲ್ಲ. ಒಂದು ಮಾರು ಜಾಸ್ತಿ ಅನ್ನುವವರಿಗೆ ಅರ್ಧ ಮಾರು ಕೊಡಿ, ಆದರೆ ಮಾರನ್ನೇ ಗಿಡ್ಡ ಮಾಡಬೇಡಿ. ಮನೆಗೆ ಹೋಗಿ ಮೊಳ ಹಾಕಿ ನೋಡುವ ಅಜ್ಜಿಯರು ನಮ್ಮ ಕಡೆ ಇನ್ನೂ ಇದ್ದಾರೆ.

ಮಳೆ ಹೂವಿನ ವಿಷಯ ಯಾರೂ ಹೇಳಲಿಲ್ಲ. ನೆಂದ ಹೂವಿನಲ್ಲಿ ನೀರನ್ನೂ ತೂಕಕ್ಕೆ ಕೊಂಡಂತೆ. 80ರ ಹೂವು 60ಕ್ಕೆ ಸಿಕ್ಕಿತು ಅಂತ ಖುಷಿಯಾಗುತ್ತದೆ, ಆದರೆ 5 ಕೆಜಿಗೆ 18 ಬರುತ್ತಿದ್ದದ್ದು 15 ಮಾರು ಬರುತ್ತದೆ, ಸಂಜೆ ಉಳಿಕೆ ಕಳೆದರೆ 13. ಅಸಲು 35. ಅಂದರೆ 80ರ ಒಣ ಹೂವಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ! ಮೇಲಿನ ಹೂವು ನೋಡಿ ಮೋಸ ಹೋಗಬೇಡಿ. ಮೂಟೆಯ ನಡುವೆ ಕೈ ಹಾಕಿ. ಬಿಸಿ ತಗುಲಿದರೆ ಕೊಳೆಯಲು ಶುರುವಾಗಿದೆ, ಬಿಟ್ಟುಬಿಡಿ. ಹಿಡಿಯಲ್ಲಿ ಒತ್ತಿದಾಗ ನೀರು ಇಳಿದರೆ ರೇಟು ಇನ್ನೂ ಇಳಿಸಿ ಕೇಳಿ. ತಂದ ತಕ್ಷಣ ಹರಡಿ, ಗಾಳಿಗೆ ಆರಿದ ಮೇಲೆ ಕಟ್ಟಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟರೆ ರಾತ್ರಿಯೊಳಗೆ ಹೋಯಿತು.

ಈ ಲೆಕ್ಕ ಸೇವಂತಿಗೆಗೆ ಮಾತ್ರ. ಮಲ್ಲಿಗೆ, ಕಾಕಡ ಅರಳಿದರೆ ಮುಗಿಯಿತು, ಮಾರನೇ ದಿನ ಅನ್ನುವುದೇ ಇಲ್ಲ. ಅಲ್ಲಿ ಉಳಿಕೆಗೆ ಇನ್ನೂ ಜಾಸ್ತಿ ಬಿಡಬೇಕು.

ಚಿಂತಾಮಣಿಯ ಅಣ್ಣ ಮಂಡಿಯ ಕಮಿಷನ್ ಬಗ್ಗೆ ಬರೆದಿದ್ದಾರೆ. ನಿಮ್ಮ ಕಷ್ಟ ನಿಜ ಅಣ್ಣ, ಆದರೆ ಅದು ಬೆಳೆಗಾರರ ಮಾತು. ಅಕ್ಕ ಕೇಳಿದ್ದು ಗಾಡಿ ವ್ಯಾಪಾರ. ಆದರೂ ನಿಮ್ಮ ಪೋಸ್ಟಿನಲ್ಲಿ ಒಂದು ಮಾತು ಇವರಿಗೂ ಬೇಕಾದದ್ದು: ಮೊಬೈಲಿನಲ್ಲಿ ಓಡಾಡುವ "ಇವತ್ತು 300" ಅನ್ನುವ ರೇಟು ಒಂದನೇ ನಂಬರ್ ಮಾಲಿನದು. ಅದನ್ನು ನೋಡಿ ರೇಟು ಕಟ್ಟಬೇಡಿ, ನಿಮ್ಮ ಕೈಗೆ ಬಂದ ಮಾಲಿಗೆ ಕೊಟ್ಟ ದುಡ್ಡು ನೋಡಿ.

ತುಮಕೂರಿನ ಅಕ್ಕ ವರ್ತನೆ ಮನೆಗಳ, ಅಂದರೆ ದಿನಾ ಹೂವು ಕೊಟ್ಟು ತಿಂಗಳಿಗೆ ದುಡ್ಡು ತಗೊಳ್ಳುವ ಮನೆಗಳ ರೇಟು ಹೇಗೆ ಅಂತ ಕೇಳಿದ್ದಾರೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ನಾನು ಕೋಲಾರದಲ್ಲಿ ತಿಂಗಳಿಗೆ ಒಂದೇ ರೇಟು ಮಾತಾಡಿಕೊಂಡು, ಹಬ್ಬದ ಹೂವಿಗೆ ಬೇರೆ ದುಡ್ಡು ಅಂತ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಆದರೆ ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಹಬ್ಬವಿಲ್ಲದಿದ್ದರೂ ಮಲ್ಲಿಗೆ, ಕನಕಾಂಬರ ವಾರಗಟ್ಟಲೆ ಮೇಲೇ ಇರುತ್ತದೆ. ಆಗ ಹೂವು ಕಡಿಮೆ ಕೊಡುವುದಾ, ತಿಂಗಳ ದುಡ್ಡು ಏರಿಸುವುದಾ? ಕೆಲವರು ಆ ದಿನಗಳಲ್ಲಿ ಸೇವಂತಿಗೆಯನ್ನೇ ಕೊಡುತ್ತಾರೆ. ನಮ್ಮ ಬೀದಿಯಲ್ಲಿ ಎರಡು ಮನೆಯವರು ಅದಕ್ಕೇ ಹೂವು ಬಿಟ್ಟರು. ಬೇರೆಯವರು ಹೇಗೆ ಮಾಡುತ್ತೀರಿ, ಬರೆಯಿರಿ.