ಇವ್ಯಾಲ್ಯುಯೇಟ್ ಪ್ರಶ್ನೆಗೆ ಎಕ್ಸ್‌ಪ್ಲೇನ್ ಉತ್ತರ ಬರೆದರೆ

“ಅಕ್ಕಾ, ತತ್ತ್ವಶಾಸ್ತ್ರದ ಟೆಸ್ಟ್‌ನಲ್ಲಿ ‘ಕೆಡುಕಿನ ಸಮಸ್ಯೆಗೆ ಕರ್ಮ ಸಿದ್ಧಾಂತ ಸಮಾಧಾನಕರ ಉತ್ತರವೇ? ಇವ್ಯಾಲ್ಯುಯೇಟ್’ ಅಂತ 20 ಅಂಕಕ್ಕೆ ಬಂದಿತ್ತು. ಶಂಕರ, ಮ್ಯಾಕಿ, ಹಿಕ್ ಎಲ್ಲಾ ಬರೆದೆ, ಕೊನೆಗೆ ಗುಣ-ದೋಷನೂ ಹಾಕಿದೆ. 7 ಬಂತು. ಎಲ್ಲಿ ತಪ್ಪಿತು? ಕಾಪಿ ಫೋಟೊ ಹಾಕಿದ್ದೇನೆ.”

ತಮ್ಮಾ, ಕಾಪಿ ಪೂರ್ತಿ ಓದಿದೆ. ವಿಷಯ ಎಲ್ಲಾ ಸರಿ ಇದೆ. ಆದರೆ ಮೂರು ಪುಟದಲ್ಲಿ ನೀನು ಒಂದು ಕಡೆಯೂ ತೀರ್ಪು ಕೊಟ್ಟಿಲ್ಲ. ಶಂಕರರ ವಾದ ಚೆನ್ನಾಗಿ ಬರೆದಿದ್ದೀಯ, ಆದರೆ ಅದು ಎಕ್ಸ್‌ಪ್ಲೇನ್ ಪ್ರಶ್ನೆಗೆ ಕೊಡುವ ಉತ್ತರ.

ಇದೇ ವಿಷಯ 10 ಅಂಕದ, 150 ಪದದ ಎಕ್ಸ್‌ಪ್ಲೇನ್ ಆಗಿ ಬಂದರೆ ಹೀಗೆ ಸಾಗಬೇಕು. ಶಂಕರರು ಭಾಷ್ಯ ಬರೆದ ಬ್ರಹ್ಮಸೂತ್ರದ 2.1.34ರ ಆಕ್ಷೇಪ ಮೊದಲು: ದೇವರು ಲೋಕ ಮಾಡಿದ್ದರೆ ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಯಾಕೆ? ಪಕ್ಷಪಾತವೂ ಕ್ರೌರ್ಯವೂ ಅವನ ಮೇಲೆ ಬರುತ್ತದೆ. ಉತ್ತರ: ದೇವರು ಜೀವಿಗಳ ಕರ್ಮ ನೋಡಿ ಕೊಡುತ್ತಾನೆ. ಶಂಕರರ ಮಳೆಯ ಉದಾಹರಣೆ ಇಲ್ಲಿ ಬರಬೇಕು. ಮಳೆ ಎಲ್ಲಾ ಬೆಳೆಗೂ ಒಂದೇ, ಭತ್ತ ಭತ್ತವಾಗುವುದು, ಜವೆ ಜವೆಯಾಗುವುದು ಬೀಜದಿಂದ. ಮುಂದೆ 2.1.35: ಮೊದಲ ಸೃಷ್ಟಿಗೆ ಮುಂಚೆ ಕರ್ಮ ಎಲ್ಲಿತ್ತು? ಸಂಸಾರಕ್ಕೆ ಆದಿಯೇ ಇಲ್ಲ ಎನ್ನುವುದು ಅದಕ್ಕೆ ಉತ್ತರ. ಅಲ್ಲಿಗೆ ನಿಲ್ಲಿಸು.

ಗಮನಿಸು, ಇದರಲ್ಲೂ ಆಕ್ಷೇಪಗಳಿವೆ. ಆದರೆ ಅವು ಶಂಕರರೇ ಎತ್ತಿ ಶಂಕರರೇ ಉತ್ತರಿಸಿದವು. ಅವನ್ನು ಬರೆದುಬಿಟ್ಟರೆ ಮೌಲ್ಯಮಾಪನ ಆಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನೀನು ಎಡವಿದ್ದು ಇಲ್ಲೇ.

ಇವ್ಯಾಲ್ಯುಯೇಟ್‌ಗೆ ಮೊದಲು ಅಳತೆಗೋಲು ಇಡು. ತತ್ತ್ವಜ್ಞಾನಿ ಮ್ಯಾಕಿ 1955ರಲ್ಲಿ ಎತ್ತಿದ ವಿರೋಧವನ್ನೇ ಅದಕ್ಕೆ ಬಳಸು: ದೇವರು ಸರ್ವಶಕ್ತ, ಪೂರ್ತಿ ಒಳ್ಳೆಯವನು, ಆದರೂ ಕೆಡುಕಿದೆ. ಕರ್ಮ ಸಿದ್ಧಾಂತ ಈ ಮೂರನ್ನೂ ಒಟ್ಟಿಗೆ ಉಳಿಸುತ್ತದೆಯೇ? ಇಷ್ಟಕ್ಕೇ ಮ್ಯಾಕಿ ಸಾಕು, ಅವನಿಗೆ ಅರ್ಧ ಪುಟ ಕೊಡಬೇಡ. ಶಂಕರರದು ನಾಲ್ಕೈದು ಸಾಲು. ಆಮೇಲೆ ಪ್ರತಿ ಆಕ್ಷೇಪಕ್ಕೂ ಮೂರು ಹೆಜ್ಜೆ: ಆಕ್ಷೇಪ, ಅದಕ್ಕೆ ಸಿಗಬಹುದಾದ ಉತ್ತರ, ಆ ಉತ್ತರ ನಿಲ್ಲುತ್ತದೋ ಇಲ್ಲವೋ ಎಂಬ ನಿನ್ನ ನಿರ್ಣಯ. ಮೂರನೆಯದನ್ನೇ ಎಲ್ಲರೂ ಬಿಡುತ್ತಾರೆ.

ಒಂದು ಮಾಡಿ ತೋರಿಸುತ್ತೇನೆ. ಆಕ್ಷೇಪ: ದೇವರು ಕರ್ಮಕ್ಕೆ ಕಟ್ಟುಬಿದ್ದರೆ ಸರ್ವಶಕ್ತ ಹೇಗಾದಾನು? ಉತ್ತರ: ತಾನೇ ಇಟ್ಟ ನಿಯಮ ಪಾಲಿಸುವುದು ಅಶಕ್ತಿಯಲ್ಲ. ನಿರ್ಣಯ: ನಿಯಮ ದೇವರದೇ ಆದರೆ ಈ ಉತ್ತರ ನಿಲ್ಲುತ್ತದೆ, ಆದರೆ ಇಷ್ಟು ನೋವಿನ ನಿಯಮ ಯಾಕೆ ಇಟ್ಟ ಎಂಬ ಪ್ರಶ್ನೆ ಹುಟ್ಟುತ್ತದೆ. ನಿಯಮ ದೇವರದಲ್ಲದಿದ್ದರೆ ಉತ್ತರವೇ ಬೀಳುತ್ತದೆ.

ಎರಡನೆಯದು ಅನಾದಿತ್ವ. ಪ್ರತಿ ದುಃಖಕ್ಕೂ ಹಿಂದಿನ ಕರ್ಮ ಕಾರಣ ಅಂದರೆ ಒಂದೊಂದು ದುಃಖಕ್ಕೆ ಕಾರಣ ಸಿಕ್ಕಿತು, ಇಡೀ ಸರಪಳಿ ಯಾಕಿದೆ ಎಂಬುದಕ್ಕೆ ಸಿಗಲಿಲ್ಲ. ಆದಿಯಿಲ್ಲದ್ದಕ್ಕೆ ‘ಯಾಕೆ’ ಕೇಳುವುದೇ ತಪ್ಪು ಅಂತ ಶಂಕರರ ಪರ ಹೇಳಬಹುದು. ನನಗೆ ಅದು ಸಾಲದು ಅನಿಸುತ್ತದೆ. ನೀನು ಸಾಕು ಅಂದರೂ ಅಂಕ ಬರುತ್ತದೆ, ಕಾರಣ ಕೊಟ್ಟರೆ ಮಾತ್ರ.

ಇನ್ನು ನಿನ್ನ ಕೊನೆ ಸಾಲು, ‘ಎರಡೂ ಕಡೆ ಸತ್ಯವಿದೆ’. ದಯವಿಟ್ಟು ಇದನ್ನು ಬಿಡು. ಧಾರವಾಡದ ಸಪ್ತಾಪುರದ ಜೆರಾಕ್ಸ್ ನೋಟ್ಸ್ ತುಂಬಾ ಇದೇ ಸಾಲು ಕಾಣುತ್ತದೆ. ಬದಲಿಗೆ: ‘ಪಕ್ಷಪಾತದ ಆರೋಪಕ್ಕೆ ಕರ್ಮ ಸಿದ್ಧಾಂತ ಗಟ್ಟಿ ಉತ್ತರ, ಕೆಡುಕು ಇರುವುದೇ ಯಾಕೆ ಎಂಬುದಕ್ಕೆ ಅಲ್ಲ.’ ಈ ಸಾಲನ್ನು ಬರೆಯಲು ಶುರು ಮಾಡುವ ಮುಂಚೆಯೇ ರಫ್ ಪುಟದಲ್ಲಿ ಬರೆದಿಟ್ಟುಕೋ. ಅದಕ್ಕೆ ಒಯ್ಯದ ಪ್ಯಾರಾ ಎಲ್ಲಾ ತೆಗೆದುಹಾಕು. ನಿನ್ನ ಕಾಪಿಯಲ್ಲಿ ಹಿಕ್ ಪ್ಯಾರಾ ಹೀಗೆ ತೆಗೆಯಬೇಕಾದದ್ದು. ಆತ್ಮ ಪಕ್ವವಾಗಲು ದುಃಖ ಬೇಕು ಎನ್ನುವ ಅವನ ವಾದವನ್ನು ಕರ್ಮದ ಜೊತೆ ಹೋಲಿಸಿದ್ದರೆ ಇಡಬಹುದಿತ್ತು, ನೀನು ಸುಮ್ನೆ ಪಕ್ಕದಲ್ಲಿಟ್ಟಿದ್ದೀಯ. ಹಿಕ್ ಬೇಕಿದ್ದರೆ ನೋಟ್ಸ್ ಬಿಟ್ಟು ಧರ್ಮದ ತತ್ತ್ವಶಾಸ್ತ್ರದ ಮೇಲಿನ ಅವನ ಸಣ್ಣ ಪುಸ್ತಕವನ್ನೇ ಓದು.

ಮೇಲಿನ ಕಾಮೆಂಟ್‌ನಲ್ಲಿ ಗದಗಿನ ಸರ್ ‘ಪರ-ವಿರೋಧ ಸಮಸಮ ಬರೀಬೇಕು’ ಅಂದಿದ್ದಾರೆ. ಅರ್ಧ ಸರಿ. ಎರಡೂ ಬೇಕು, ಸಮ ಬೇಕಿಲ್ಲ. ಬ್ರಿಟನ್ನಿನ ಓಸಿಆರ್ ಪರೀಕ್ಷಾ ಮಂಡಳಿಯ ಎ ಲೆವೆಲ್ ಧರ್ಮಾಧ್ಯಯನ ಪತ್ರಿಕೆಯಲ್ಲಿ 40 ಅಂಕದ ಪ್ರಬಂಧಕ್ಕೆ 16 ತಿಳಿವಳಿಕೆಗೆ, 24 ವಿಶ್ಲೇಷಣೆ-ಮೌಲ್ಯಮಾಪನಕ್ಕೆ. ಅದು ನಮ್ಮ ನಿಯಮವಲ್ಲ, ಆದರೂ ಪುಟ ಹಂಚಲು ನಾನು ಅದೇ ಲೆಕ್ಕ ಹಿಡಿಯುತ್ತೇನೆ.

ಅಸೆಸ್ ಪ್ರಶ್ನೆ ಇವ್ಯಾಲ್ಯುಯೇಟ್‌ಗಿಂತ ಬೇರೆಯೇ ಅಂತ ಕೇಳಿದ ತಂಗಿಗೆ: ಅಲ್ಲಿ ‘ಎಷ್ಟರ ಮಟ್ಟಿಗೆ’ ಅನ್ನುವುದು ಮೊದಲ ಪ್ಯಾರಾದಲ್ಲೇ ಬರಲಿ. ಉಳಿದದ್ದು ಇದೇ ದಾರಿ. ಎರಡೂ ಪೂರ್ತಿ ಬೇರೆ ಅಂತ ಕಲಿಸುವ ಮೇಷ್ಟ್ರೂ ಇದ್ದಾರೆ, ನನಗೆ ಅಷ್ಟು ವ್ಯತ್ಯಾಸ ಕಂಡಿಲ್ಲ. ಹಿಂದಿನ ಜನ್ಮ ನೆನಪಿಲ್ಲದವನಿಗೆ ಶಿಕ್ಷೆ ನ್ಯಾಯವೇ ಅಂತ ಕೇಳಿದವರಿಗೆ: ಅದು ನನ್ನ ನಂಬಿಕೆಯ ಪ್ರಶ್ನೆಯಲ್ಲ ಸರ್, ಮೂರನೇ ಆಕ್ಷೇಪವಾಗಿ ಬರೆಯಿರಿ. ಅದಕ್ಕೂ ಉತ್ತರ, ನಿರ್ಣಯ ಎರಡೂ ಇರಲಿ.

ತಮ್ಮಾ, ಇದೇ ಪ್ರಶ್ನೆ ಮತ್ತೆ ಬರೆದು ಹಾಕು. ಪ್ರತಿ ಪ್ಯಾರಾದ ಕೊನೆ ಸಾಲಿಗೆ ಅಡಿಗೆರೆ ಎಳೆದಿರು, ನಾನು ಮೊದಲು ಅವನ್ನೇ ಓದುತ್ತೇನೆ.