ಕಳಿಸಿದ 500 ರೂಪಾಯಿ ದಾರಿಯಲ್ಲಿ 900 ಆಗಬಹುದೇ?

ಪ್ರಶ್ನೆ: ಹಾಸನ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲಿನ ವೈಫೈ ಹಾಕಿಕೊಂಡು ಮಗಳಿಗೆ ಯುಪಿಐನಲ್ಲಿ 500 ರೂಪಾಯಿ ಕಳಿಸಿದೆ. ‘ಆ ವೈಫೈ ಇಟ್ಟವನು ಮಧ್ಯದಲ್ಲೇ ಮೊತ್ತ ಬದಲಿಸಬಹುದು’ ಅಂತ ಅಳಿಯಂದಿರು ಹೆದರಿಸಿದರು. ಬ್ಯಾಂಕಿನಲ್ಲಿ ಕೇಳಿದರೆ ‘ಎಲ್ಲಾ ಎನ್‌ಕ್ರಿಪ್ಟ್ ಆಗಿರುತ್ತೆ ಬಿಡಿ’ ಅಂದರು. ಎನ್‌ಕ್ರಿಪ್ಟ್ ಆದರೆ ಓದೋಕೆ ಆಗಲ್ಲ, ಸರಿ. ಬದಲಿಸೋಕೂ ಆಗಲ್ವಾ? ಡಿಜಿಟಲ್ ಸಹಿ ಅಂತಾರಲ್ಲ, ಅದನ್ನು ನನ್ನ ಫೋನೇ ಹಾಕುತ್ತಾ?

ಉತ್ತರ: ನಿಮ್ಮ 500 ರೂಪಾಯಿ 500 ಆಗಿಯೇ ಹೋಗಿರುತ್ತದೆ, ಆ ಚಿಂತೆ ಬೇಡ. ಆದರೆ ಬ್ಯಾಂಕಿನವರು ಕೊಟ್ಟ ಕಾರಣ ಅರ್ಧ ಮಾತ್ರ ಸರಿ. ನಿಮ್ಮ ಅನುಮಾನವೇ ಅದಕ್ಕಿಂತ ಚುರುಕಾಗಿದೆ. ಓದಲು ಬಾರದ ಸಂದೇಶವನ್ನೂ ತಿರುಚಬಹುದು. ಹೇಗೆ ಅಂತ ಮೊದಲು ನೋಡೋಣ.

ಎನ್‌ಕ್ರಿಪ್ಶನ್‌ನ ಒಂದು ಸರಳ ಬಗೆಯಲ್ಲಿ, ಸಂದೇಶದ ಪ್ರತಿ ಅಕ್ಷರದ ಬಿಟ್‌ಗಳನ್ನು, ಅಂದರೆ ಅದನ್ನು ಬರೆದಿಡುವ 0 ಮತ್ತು 1ಗಳನ್ನು, ಗುಟ್ಟಾದ ಕೀಲಿಯ ಬಿಟ್‌ಗಳ ಪಕ್ಕ ಇಟ್ಟು ಹೋಲಿಸುತ್ತಾರೆ. ಎರಡೂ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1. ಇದಕ್ಕೆ ಎಕ್ಸಾರ್ ಅನ್ನುತ್ತಾರೆ. ತೆರೆಯುವಾಗ ಅದೇ ಕೀಲಿಯಿಂದ ಅದೇ ಕೆಲಸ ಇನ್ನೊಮ್ಮೆ ಮಾಡಿದರೆ ಮೂಲ ಅಕ್ಷರ ಸಿಗುತ್ತದೆ. ಈಗ ನಿಮ್ಮ 500ರಲ್ಲಿರುವ 5 ಎಂಬ ಅಂಕಿಯನ್ನು ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ಅದು 00110101. ಕೀಲಿ ಏನೋ ಒಂದು ಇರಲಿ.

```
5 ಅಂಕಿ           00110101
ಗುಟ್ಟಿನ ಕೀಲಿ        10010110
ದಾರಿಯಲ್ಲಿ ಹೋಗುವುದು  10100011

ಕಳ್ಳ ಸೇರಿಸಿದ್ದು       00001100
ತಿರುಚಿದ ಮೇಲೆ      10101111

ಅದೇ ಕೀಲಿ          10010110
ತೆರೆದಾಗ ಸಿಕ್ಕಿದ್ದು     00111001   (ಇದು 9)
```

ಕಳ್ಳನಿಗೆ ಕೀಲಿ ಗೊತ್ತಿಲ್ಲ, ಸಂದೇಶವನ್ನು ಓದಿಯೂ ಇಲ್ಲ. ಸುಮ್ನೆ ಎರಡು ಬಿಟ್ ತಲೆಕೆಳಗು ಮಾಡಿದ, ಅಷ್ಟೇ. ಅತ್ತ ಕಡೆ 500 ಹೋಗಿ 900 ಆಯಿತು. ಇದಕ್ಕೆ ಅವನಿಗೆ ಎರಡು ವಿಷಯ ಗೊತ್ತಿದ್ದರೆ ಸಾಕು. ಒಂದು, ಮೊತ್ತ ಸಂದೇಶದ ಯಾವ ಜಾಗದಲ್ಲಿ ಬರುತ್ತದೆ ಅನ್ನುವುದು. ಸಂದೇಶದ ನಮೂನೆ ಎಲ್ಲರಿಗೂ ಒಂದೇ ಇರುವುದರಿಂದ ಅದನ್ನು ಊಹಿಸುವುದು ಕಷ್ಟವಲ್ಲ. ಎರಡು, ಅಲ್ಲಿರುವುದು 5 ಅನ್ನುವುದು. ನೀವು ಫೋನಿನಲ್ಲಿ ‘500 ಹಾಕ್ತೀನಿ’ ಅಂತ ಮಗಳಿಗೆ ಹೇಳಿದ್ದನ್ನು ಅವನು ಪಕ್ಕದ ಮೇಜಿನಿಂದ ಕೇಳಿಸಿಕೊಂಡಿದ್ದರೆ ಅದೂ ಆಯಿತು.

ಅಂದರೆ ಗುಟ್ಟಾಗಿಡುವುದೇ ಬೇರೆ, ಬದಲಾಗದಂತೆ ಕಾಯುವುದೇ ಬೇರೆ. ಎರಡನೆಯ ಕೆಲಸಕ್ಕೆ ಬೇರೆಯದೇ ಏರ್ಪಾಡು ಬೇಕು. ನಿಮ್ಮ ಪಾವತಿಯ ದಾರಿಯಲ್ಲಿ ಅಂಥ ಏರ್ಪಾಡು ಎರಡು ಬಗೆಯಲ್ಲಿದೆ.

ಮೊದಲನೆಯದು ಫೋನಿನಿಂದ ಹೊರಟ ಕೂಡಲೇ ಸಿಗುತ್ತದೆ. ನಿಮ್ಮ ಆ್ಯಪ್ ಮತ್ತು ಅದರ ಸರ್ವರ್ ನಡುವಿನ ಸಂಪರ್ಕ ಟಿಎಲ್‌ಎಸ್ ಎಂಬ ಪದ್ಧತಿಯಲ್ಲಿ ನಡೆಯುತ್ತದೆ. ಬ್ರೌಸರಿನಲ್ಲಿ `https` ಅಂತ ಕಾಣುವುದೂ ಇದೇ. ಇಂದಿನ ಟಿಎಲ್‌ಎಸ್ ಸಂದೇಶವನ್ನು ಮುಚ್ಚಿ ಸುಮ್ಮನಾಗುವುದಿಲ್ಲ. ಮುಚ್ಚಿದ ಪ್ರತಿ ತುಂಡಿನ ಕೊನೆಗೂ ಒಂದು ಸಣ್ಣ ಗುರುತು ಅಂಟಿಸುತ್ತದೆ, ಸಾಮಾನ್ಯವಾಗಿ 16 ಬೈಟ್. ಆ ಗುರುತನ್ನು ಲೆಕ್ಕ ಹಾಕಲು ಗುಟ್ಟಿನ ಕೀಲಿ ಬೇಕೇ ಬೇಕು. ವೈಫೈ ಇಟ್ಟವನು ಮೇಲೆ ತೋರಿಸಿದ ಹಾಗೆ ಬಿಟ್ ತಿರುಗಿಸಿದರೆ ಗುರುತು ತಾಳೆಯಾಗುವುದಿಲ್ಲ. ಸರ್ವರ್ ಒಳಗಿನದನ್ನು ಬಳಸುವುದೇ ಇಲ್ಲ, `bad_record_mac` ಅಂತ ಹೇಳಿ ಸಂಪರ್ಕ ಕಡಿದುಹಾಕುತ್ತದೆ. ನಿಮಗೆ ಕಾಣುವುದು ಪರದೆಯ ಮೇಲೆ ಸುತ್ತುವ ಚಕ್ರ, ಆಮೇಲೆ ‘ಪಾವತಿ ವಿಫಲ’.

ಹಾಗಾದರೆ ಆ ವೈಫೈನವನು ತಾನೇ ಬ್ಯಾಂಕಿನ ಸರ್ವರ್ ಅಂತ ನಾಟಕ ಆಡಿದರೆ? ಅಲ್ಲೇ ಡಿಜಿಟಲ್ ಸಹಿ ಮೊದಲ ಸಲ ಕೆಲಸಕ್ಕೆ ಬರುತ್ತದೆ. ಸಂಪರ್ಕ ಶುರುವಾಗುವಾಗಲೇ ಸರ್ವರ್ ತಾನು ಯಾರದ್ದು ಅಂತ ಹೇಳುವ ಪ್ರಮಾಣಪತ್ರ, ಅಂದರೆ ಸರ್ಟಿಫಿಕೇಟ್, ತೋರಿಸಬೇಕು, ಮತ್ತು ಆಗ ತಾನೇ ನಡೆದ ಮಾತುಕತೆಯ ಮೇಲೆ ತನ್ನ ಸಹಿ ಹಾಕಿ ತೋರಿಸಬೇಕು. ಪ್ರಮಾಣಪತ್ರದ ನಕಲು ಯಾರ ಬಳಿ ಬೇಕಾದರೂ ಇರಬಹುದು, ಸಹಿ ಹಾಕುವ ಕೀಲಿ ಅಸಲಿ ಸರ್ವರಿನಲ್ಲಿ ಮಾತ್ರ ಇರುತ್ತದೆ. ‘ನಮ್ಮ ವೈಫೈ ಬೇಕಾದರೆ ಈ ಸರ್ಟಿಫಿಕೇಟ್ ಹಾಕಿಕೊಳ್ಳಿ’ ಅಂತ ಯಾವುದಾದರೂ ಪುಟ ಕೇಳಿದರೆ ಬೇಡ ಅನ್ನಿ, ಹಾಕಿಕೊಂಡರೆ ಅವರ ನಕಲಿ ಸರ್ವರನ್ನೂ ಫೋನ್ ನಂಬಿಬಿಡುವ ಅಪಾಯವಿದೆ. ಆಂಡ್ರಾಯ್ಡ್ 7ರಿಂದ ಈಚೆಗೆ, ಹಾಗೆ ಕೈಯಾರೆ ಹಾಕಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಬ್ರೌಸರಿನ ಕಥೆ ಮಾತ್ರ ಬೇರೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಯುಪಿಐನಲ್ಲಿ ಪಿನ್ ಒತ್ತಿ ಮಾಡುವ ಪಾವತಿಯ ಸಂದೇಶಕ್ಕೆ ಸಹಿ ಹಾಕುವುದು ನಿಮ್ಮ ಫೋನ್ ಅಲ್ಲ. ಅಲ್ಲಿ ನಿಮ್ಮ ಕಡೆಯ ಒಪ್ಪಿಗೆ ಅಂದರೆ ಆ ಪಿನ್. ಆ ಪಿನ್ ಒತ್ತುವ ಪುಟ ಬಂದಾಗ ಆ್ಯಪ್‌ನ ಬಣ್ಣ, ಅಕ್ಷರ ಎಲ್ಲ ಥಟ್ಟನೆ ಬದಲಾಗುವುದನ್ನು ಗಮನಿಸಿದ್ದೀರಾ? ಯಾವ ಆ್ಯಪ್‌ನಲ್ಲಿ ನೋಡಿದರೂ ಆ ಪುಟ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಯಾಕೆಂದರೆ ಅದು ಆ್ಯಪ್‌ನವರದ್ದಲ್ಲ, ಯುಪಿಐ ನಡೆಸುವ ಎನ್‌ಪಿಸಿಐ ಕೊಟ್ಟಿರುವ ತುಣುಕು. ಪಿನ್ ಅಲ್ಲೇ ಎನ್‌ಪಿಸಿಐನ ಸಾರ್ವಜನಿಕ ಕೀಲಿಯಿಂದ ಮುಚ್ಚಿಹೋಗುತ್ತದೆ. ಎಲ್ಲರಿಗೂ ಗೊತ್ತಿರುವ ಆ ಕೀಲಿಯಿಂದ ಮುಚ್ಚಬಹುದು ಅಷ್ಟೇ, ತೆರೆಯುವ ಕೀಲಿ ಬೇರೆ, ಅದು ಎನ್‌ಪಿಸಿಐ ಬಳಿ ಮಾತ್ರ. ಹಾಗಾಗಿ ಆ್ಯಪ್ ಕಂಪನಿಗೆ ಅದನ್ನು ತೆರೆಯಲು ಬರುವುದಿಲ್ಲ. ಎನ್‌ಪಿಸಿಐ ಅದನ್ನು ತೆರೆದು ನಿಮ್ಮ ಖಾತೆಯಿರುವ ಬ್ಯಾಂಕಿನ ಕೀಲಿಯಿಂದ ಮತ್ತೆ ಮುಚ್ಚಿ ಕಳಿಸುತ್ತದೆ. ಪಿನ್ ಸರಿಯೋ ತಪ್ಪೋ ಅಂತ ಹೇಳುವುದು ಆ ಬ್ಯಾಂಕು.

ಸಹಿ ಶುರುವಾಗುವುದು ಆ್ಯಪ್‌ನ ಬೆನ್ನಿಗಿರುವ ಬ್ಯಾಂಕಿನಿಂದ. ಅಲ್ಲಿಂದ ಎನ್‌ಪಿಸಿಐಗೆ ಹೊರಡುವ ಸಂದೇಶ ಎಕ್ಸ್‌ಎಂಎಲ್ ಎಂಬ ಬರಹದ ನಮೂನೆಯಲ್ಲಿರುತ್ತದೆ. ಅದರಲ್ಲಿ ಮೊತ್ತದ ಸಾಲು ಹೀಗೆ:

```
<Amount value="500.00" curr="INR"/>
```

ಮೊದಲು ಇಡೀ ಸಂದೇಶದಿಂದ ಒಂದು ಹ್ಯಾಶ್ ತೆಗೆಯುತ್ತಾರೆ. ಎಷ್ಟೇ ಉದ್ದದ ಬರಹ ಕೊಟ್ಟರೂ ಒಂದೇ ಅಳತೆಯ ಒಂದು ಸಂಖ್ಯೆ ಕೊಡುವ ಲೆಕ್ಕ ಅದು. ಒಂದು ಅಂಕಿ ಬದಲಾದರೂ ಪೂರ್ತಿ ಬೇರೆ ಸಂಖ್ಯೆ ಬರುತ್ತದೆ. ಆಮೇಲೆ ಆ ಹ್ಯಾಶಿಗೆ ಬ್ಯಾಂಕು ತನ್ನ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ. ಚಿಕ್ಕ ಸಂಖ್ಯೆ ಹಿಡಿದು ಮಾಡಿ ನೋಡೋಣ, ಕೈಯಲ್ಲಿ ಮೊಬೈಲ್ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಬ್ಯಾಂಕು 33 ಮತ್ತು 3 ಎಂಬ ಎರಡು ಸಂಖ್ಯೆಗಳನ್ನು ಎಲ್ಲರಿಗೂ ಹೇಳಿದೆ ಅಂತಿಟ್ಟುಕೊಳ್ಳಿ. 7 ಎಂಬುದನ್ನು ಗುಟ್ಟಾಗಿಟ್ಟಿದೆ. ನಿಮ್ಮ ಸಂದೇಶದ ಹ್ಯಾಶ್ 4 ಬಂತು. ಬ್ಯಾಂಕು ನಾಲ್ಕನ್ನು ಏಳು ಸಲ ಬರೆದು ಗುಣಿಸುತ್ತದೆ, 16384 ಬರುತ್ತದೆ. ಅದನ್ನು 33ರಿಂದ ಭಾಗಿಸಿದರೆ ಶೇಷ 16. ಇದೇ ಸಹಿ. ಈ ಕಡೆ ಎನ್‌ಪಿಸಿಐ ಹದಿನಾರನ್ನು ಮೂರು ಸಲ ಬರೆದು ಗುಣಿಸುತ್ತದೆ, 4096. 33ರಿಂದ ಭಾಗಿಸಿದರೆ ಶೇಷ 4. ಬಂದ ಸಂದೇಶದಿಂದ ತಾನೇ ತೆಗೆದ ಹ್ಯಾಶ್ ಕೂಡ 4 ಆದರೆ ಸರಿ. ಮಧ್ಯದಲ್ಲಿ ಯಾರೋ 900 ಮಾಡಿದ್ದರೆ ಹ್ಯಾಶ್ 8 ಆಗಿರುತ್ತಿತ್ತು ಅನ್ನೋಣ. 4 ಎಲ್ಲಿ, 8 ಎಲ್ಲಿ? ಎಂಟಕ್ಕೆ ಹೊಂದುವ ಹೊಸ ಸಹಿ ಬೇಕೆಂದರೆ ಆ ಗುಟ್ಟಿನ 7 ಗೊತ್ತಿರಬೇಕು.

33 ಅಂದರೆ 3 ಸಲ 11 ಅಂತ ಶಾಲೆ ಮಕ್ಕಳೂ ಹೇಳುತ್ತಾರೆ, ಅದು ಗೊತ್ತಾದರೆ 7 ಕಂಡುಹಿಡಿಯುವುದು ಸುಲಭ. ನಿಜವಾದ 2048 ಬಿಟ್ಟಿನ ಕೀಲಿಯಲ್ಲಿ 33ರ ಜಾಗದಲ್ಲಿರುವುದು 617 ಅಂಕಿಗಳ ಸಂಖ್ಯೆ. ಇವತ್ತಿನ ಕಂಪ್ಯೂಟರುಗಳಿಂದ ಅದನ್ನು ಒಡೆದು ಎರಡು ಅವಿಭಾಜ್ಯ ಸಂಖ್ಯೆ ಮಾಡುವ ದಾರಿ ಯಾರಿಗೂ ಗೊತ್ತಿಲ್ಲ.

ಟಿಎಲ್‌ಎಸ್ ಆಗಲೇ ಗುರುತು ಅಂಟಿಸಿತ್ತಲ್ಲ, ಮತ್ತೆ ಈ ಸಹಿ ಯಾಕೆ ಅಂತ ನೀವು ಕೇಳಬಹುದು. ಟಿಎಲ್‌ಎಸ್ ರಕ್ಷಣೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ ಮಾತ್ರ. ಸರ್ವರ್ ತಲುಪಿದ ಮೇಲೆ ಸಂದೇಶ ತೆರೆದುಕೊಳ್ಳುತ್ತದೆ, ಅಲ್ಲಿ ಸಾಲಿನಲ್ಲಿ ಕಾಯುತ್ತದೆ, ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ಆ ಒಳಮನೆಯಲ್ಲಿ ಯಾರಾದರೂ ಕೈಯಾಡಿಸಿದರೆ ಟಿಎಲ್‌ಎಸ್‌ಗೆ ತಿಳಿಯುವುದಿಲ್ಲ. ಸಹಿ ಹಾಗಲ್ಲ, ಸಂದೇಶಕ್ಕೆ ಅಂಟಿಕೊಂಡೇ ಇರುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಟಿಎಲ್‌ಎಸ್ ಗುರುತಿನ ಕೀಲಿ ಎರಡೂ ಕಡೆಯವರ ಬಳಿ ಇರುತ್ತದೆ. ಆ ಗುರುತನ್ನು ಇವರೂ ಮಾಡಬಹುದು, ಅವರೂ ಮಾಡಬಹುದು. ನಾಳೆ ಜಗಳ ಬಂದರೆ ಅದು ಸಾಕ್ಷಿಗೆ ಬರುವುದಿಲ್ಲ. ಸಹಿಯ ಕೀಲಿ ಒಬ್ಬರ ಬಳಿ ಮಾತ್ರ. ‘ನಾವು 500 ಅಂತ ಕಳಿಸಿಯೇ ಇಲ್ಲ’ ಅಂತ ಬ್ಯಾಂಕು ಆಮೇಲೆ ಹೇಳುವ ಹಾಗಿಲ್ಲ.

ಸಹಿಯಿದ್ದ ಅದೇ ಸಂದೇಶವನ್ನು ಹಿಡಿದಿಟ್ಟುಕೊಂಡು ಎರಡನೇ ಸಲ ಕಳಿಸಿದರೂ ಆಗುವುದಿಲ್ಲ. ಪ್ರತಿ ಪಾವತಿಗೂ 35 ಅಕ್ಷರಗಳ ಬೇರೆಯದೇ ಗುರುತಿನ ಸಂಖ್ಯೆ ಇರುತ್ತದೆ, ಅದೂ ಸಹಿಯ ಒಳಗೇ ಬರುತ್ತದೆ. ಒಮ್ಮೆ ಮುಗಿದ ಸಂಖ್ಯೆ ಮತ್ತೆ ಬಂದರೆ ವಾಪಸ್.

ಅಂದಹಾಗೆ, ಇಂಥ ಎಕ್ಸ್‌ಎಂಎಲ್ ಸಹಿ ತಾಳೆಯಾಗದೆ ಹೋದಾಗ ಹಿಂದೆ ಕಳ್ಳನೇ ಇರಬೇಕೆಂದಿಲ್ಲ. ಸಹಿ ಹಾಕಿದ ಮೇಲೆ ಮಧ್ಯದ ಯಾವುದೋ ತಂತ್ರಾಂಶ ಸಂದೇಶವನ್ನು ಅಂದವಾಗಿ ಕಾಣಲಿ ಅಂತ ಸಾಲು ಬಿಡಿಸಿಟ್ಟಿದ್ದರೂ ಸಾಕು. ಮನುಷ್ಯರ ಕಣ್ಣಿಗೆ ಅದೇ ಸಂದೇಶ, ಹ್ಯಾಶಿಗೆ ಬೇರೆಯದು. ಈ ವಿಷಯದಲ್ಲಿ ಯಂತ್ರ ತುಂಬಾ ಹಟಮಾರಿ, ಹಾಗಿರುವುದೇ ಒಳ್ಳೆಯದು.

ಇಷ್ಟೆಲ್ಲ ಕಾವಲು ಇರುವುದು ನೀವು ಪಿನ್ ಒತ್ತಿದ ನಂತರದ ದಾರಿಗೆ. ಅದಕ್ಕಿಂತ ಮುಂಚೆಯೇ ತಪ್ಪು ವಿಳಾಸ ಒಳಗೆ ಬಂದಿದ್ದರೆ ಸಹಿ ಅದನ್ನೂ ಅಷ್ಟೇ ಭದ್ರವಾಗಿ ಕಾಪಾಡಿ ತಲುಪಿಸುತ್ತದೆ. ಅಂಗಡಿಯ ಕ್ಯೂಆರ್ ಮೇಲೆ ರಾತ್ರಿ ಯಾರೋ ತಮ್ಮ ಸ್ಟಿಕ್ಕರ್ ಅಂಟಿಸಿ ಹೋದರೆ ಆಗುವುದು ಇದೇ. ಕ್ಯೂಆರ್ ಒಳಗಿರುವುದು ಸುಮ್ನೆ ಒಂದು ಸಾಲು, `upi://pay?pa=` ಅಂತ ಶುರುವಾಗುತ್ತದೆ, ಮುಂದೆ ಹಣ ಪಡೆಯುವವರ ಯುಪಿಐ ವಿಳಾಸ. ಅದರಲ್ಲೂ `sign` ಅಂತ ಸಹಿಗೆ ಜಾಗ ಇಟ್ಟಿದ್ದಾರೆ, ಆದರೆ ಸಣ್ಣ ಅಂಗಡಿಗಳ ಸ್ಟಿಕ್ಕರಿನಲ್ಲಿ ಬಹಳಷ್ಟು ಸಲ ಅದು ಇರುವುದೇ ಇಲ್ಲ.

ಹಾಗಾಗಿ ಅಳಿಯಂದಿರಿಗೆ ಹೇಳಿ, ವೈಫೈ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವ ಬದಲು ಪಿನ್ ಪುಟ ನೋಡಲಿ. ಮೊತ್ತ ಮತ್ತು ಹಣ ಪಡೆಯುವವರ ಹೆಸರು ಎರಡೂ ಅಲ್ಲಿ ಕಾಣುತ್ತವೆ. ಅಂಗಡಿಯವರು ಹೇಳಿದ ಹೆಸರೇ ಅಲ್ಲಿದೆಯಾ ಅಂತ ಒಂದು ಮಾತು ಕೇಳಿಕೊಂಡು ಆಮೇಲೆ ಪಿನ್ ಒತ್ತಿದರೆ ಆಯಿತು.