ಮದುವೆಯ ಕಾರಣಕ್ಕೆ ಕೆಲಸ ತಪ್ಪಿದರೆ ದೂರಿನಲ್ಲಿ ಏನು ಬರೆಯಬೇಕು?

ಪ್ರಶ್ನೆ: ಖಾಸಗಿ ಕಂಪನಿಯ ಇಂಟರ್‌ವ್ಯೂನಲ್ಲಿ ಎಲ್ಲ ಸುತ್ತು ಮುಗಿದ ಮೇಲೆ "ಹೊಸದಾಗಿ ಮದುವೆಯಾದವರು ಬೇಡ" ಎಂದು ಫೋನಿನಲ್ಲಿ ಹೇಳಿದರು. ವೈವಾಹಿಕ ಸ್ಥಿತಿಯ ತಾರತಮ್ಯ ಅಂತ ಕೇಸು ಹಾಕಿದರೆ ಆ ಕೆಲಸ ಸಿಗುತ್ತಾ?

ಆ ಫೋನು ನನಗೂ ಬಂದಿತ್ತು. ಅಕೌಂಟ್ಸ್ ವಿಭಾಗದ ಹುದ್ದೆ. "ಮೇಡಂ, ನಿಮ್ಮ ಕೆಲಸದ ಬಗ್ಗೆ ತಕರಾರಿಲ್ಲ, ಮದುವೆಯಾಗಿ ಇನ್ನೂ ವರ್ಷ ಆಗಿಲ್ಲವಲ್ಲ, ನಾಳೆ ಹೆರಿಗೆ ರಜೆ ಅಂತೀರಿ, ಮೇಲಿನವರು ಒಪ್ಪಲಿಲ್ಲ" ಎಂದರು. ಸಿಟ್ಟಿನಲ್ಲಿ ಅಂದು ರಾತ್ರಿಯೇ ಕಂಪನಿಗೂ ಕಾರ್ಮಿಕ ಇಲಾಖೆಗೂ ಉದ್ದದ ಪತ್ರ ಬರೆದೆ. ಸಂವಿಧಾನದ 15, 16ನೇ ವಿಧಿ, ವೈವಾಹಿಕ ಸ್ಥಿತಿಯ ತಾರತಮ್ಯ, ಎಲ್ಲವೂ ಅದರಲ್ಲಿತ್ತು. ಒಂದು ವಿಷಯ ಮಾತ್ರ ಇರಲಿಲ್ಲ. ಅದೇ ಹುದ್ದೆಗೆ ಅವರು ತೆಗೆದುಕೊಂಡದ್ದು ನನ್ನ ಹಳೆಯ ಸಹಪಾಠಿಯನ್ನು. ಅವನಿಗೂ ಆಗಷ್ಟೇ ಮದುವೆಯಾಗಿತ್ತು. ಇಂಟರ್‌ವ್ಯೂನಲ್ಲಿ ಅವನ ಮದುವೆಯ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ.

ಅವನ ಹೆಸರು ಎಳೆದು ತರುವುದು ಸರಿಯಲ್ಲ ಅನ್ನಿಸಿ ಬಿಟ್ಟಿದ್ದೆ. ನನ್ನ ದೂರು ಬಿದ್ದುಹೋದದ್ದು ಅಲ್ಲೇ. 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಮಾತ್ರ ಸಂಬಂಧಿಸಿದ್ದು, ಖಾಸಗಿ ಕಂಪನಿಗೆ ತಾಗುವುದಿಲ್ಲ. ಖಾಸಗಿ ನೇಮಕಾತಿಯಲ್ಲಿ ಮದುವೆಯಾದವರು, ಆಗದವರು ಎಂದು ಭೇದ ಮಾಡಬಾರದು ಎನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಹೆಣ್ಣು, ಗಂಡು ಎಂದು ಭೇದ ಮಾಡಬಾರದು ಎನ್ನುವ ಕಾನೂನು ಇದೆ. ಆಗ ಅದು 1976ರ ಸಮಾನ ವೇತನ ಕಾಯ್ದೆಯ 5ನೇ ಕಲಮು. ಈಗ ಅದೇ ಮಾತು 2019ರ ವೇತನ ಸಂಹಿತೆಯ 3ನೇ ಕಲಮಿನಲ್ಲಿದೆ: ಒಂದೇ ಬಗೆಯ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವಾಗ ಲಿಂಗದ ಆಧಾರದಲ್ಲಿ ತಾರತಮ್ಯ ಮಾಡುವಂತಿಲ್ಲ. ಮದುವೆಯಾದ ಗಂಡಸು ಬೇಕು, ಮದುವೆಯಾದ ಹೆಂಗಸು ಬೇಡ ಎಂದಾಗ ಭೇದ ನಡೆದದ್ದು ಮದುವೆಯ ಮೇಲಲ್ಲ, ಹೆಣ್ಣು ಎನ್ನುವುದರ ಮೇಲೆ. ಇದನ್ನು ತೋರಿಸಲು ಅದೇ ಸ್ಥಿತಿಯ ಗಂಡಸೊಬ್ಬನಿಗೆ ಅದೇ ಕೆಲಸ ಸಿಕ್ಕಿದ್ದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಅದು ನನ್ನ ಕೈಯಲ್ಲೇ ಇತ್ತು, ನಾನು ಮುಚ್ಚಿಟ್ಟೆ. ಕಂಪನಿ "ಅನುಭವ ಸಾಲದು" ಎಂದು ಒಂದು ಸಾಲಿನ ಉತ್ತರ ಕೊಟ್ಟಿತು, ಅಧಿಕಾರಿ ಕಡತ ಮುಚ್ಚಿದರು. ಆ ಸಹಪಾಠಿಗೆ ನನಗಿಂತ ಕಡಿಮೆ ಅನುಭವ ಇತ್ತು. ಅದನ್ನೂ ನಾನು ಬರೆದಿರಲಿಲ್ಲ.

ಆದ್ದರಿಂದ ನಿಮ್ಮ ದೂರಿನಲ್ಲಿ "ವೈವಾಹಿಕ ಸ್ಥಿತಿ" ಎನ್ನುವುದನ್ನು ತಲೆಬರಹ ಮಾಡಬೇಡಿ. "ನೇಮಕಾತಿಯಲ್ಲಿ ಲಿಂಗ ತಾರತಮ್ಯ" ಎಂದು ಬರೆದು, ಮದುವೆಯ ಪ್ರಶ್ನೆಯನ್ನು ಅದರ ಪುರಾವೆಯಾಗಿ ಇಡಿ. ಆ ಹುದ್ದೆಗೆ ಯಾರು ಬಂದರು, ಅವರ ಅನುಭವ ಎಷ್ಟು, ಗಂಡಸರಿಗೆ ಈ ಪ್ರಶ್ನೆ ಕೇಳಿದ್ದರೇ ಎಂದು ವಿಚಾರಿಸಿ. ಅರ್ಜಿ ನಮೂನೆಯಲ್ಲಿ ಮದುವೆ, ಮಕ್ಕಳ ಕಾಲಂ ಇದ್ದರೆ ಪ್ರತಿ ತೆಗೆದಿಡಿ.

ಇನ್ನು ಆ ಕೆಲಸ ಸಿಗುತ್ತಾ ಅಂದರೆ, ಸಿಗುವುದಿಲ್ಲ ಅಂತಲೇ ಎಣಿಸಿಕೊಳ್ಳಿ. ಸಂಹಿತೆಯ ಈ ಉಲ್ಲಂಘನೆಗೆ ಮೊದಲ ಸಲ 20,000 ರೂಪಾಯಿವರೆಗೆ ದಂಡ. ಅದಕ್ಕೂ ಮೊದಲು ತಿದ್ದಿಕೊಳ್ಳಲು ಕಂಪನಿಗೆ ಅವಕಾಶ ಕೊಡಬೇಕು. ನೇರವಾಗಿ ಕೋರ್ಟಿಗೆ ದೂರು ಕೊಡುವ ಹಕ್ಕು ಅಲ್ಲಿ ಉದ್ಯೋಗಿಗೆ ಇದೆ, ಆದರೆ ಕೆಲಸಕ್ಕೇ ಸೇರದ ನಾವು ಉದ್ಯೋಗಿಗಳಲ್ಲ. ಹಾಗಾಗಿ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಮೂಲಕವೇ ಹೋಗಬೇಕು. ಆದರೂ ದೂರು ಕೊಡಿ ಎನ್ನುತ್ತೇನೆ. ಇಲಾಖೆಯಿಂದ ಪತ್ರ ಹೋದರೆ ಕಂಪನಿ ತನ್ನ ಆಯ್ಕೆಗೆ ಬರಹದಲ್ಲಿ ಕಾರಣ ಕೊಡಬೇಕಾಗುತ್ತದೆ. ಮುಂದೆ ಬರುವ ಹೆಣ್ಣುಮಕ್ಕಳಿಗೆ ಅದು ಉಪಯೋಗಕ್ಕೆ ಬರುತ್ತದೆ.

ಸರ್ಕಾರಿ ಸಂಸ್ಥೆಯಾಗಿದ್ದರೆ ಕಥೆಯೇ ಬೇರೆ. ಎಲ್‌ಐಸಿಯ ಅರ್ಜಿ ನಮೂನೆಯಲ್ಲಿ ಮುಟ್ಟು, ಗರ್ಭದ ವಿವರ ಕೇಳುವ ಕಾಲಂಗಳಿದ್ದವು. ನೀರಾ ಮಾಥುರ್ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ತೆಗೆಯಲು ಹೇಳಿ, ಆಕೆಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತು. ಧರ್ಮದ ಕಾರಣಕ್ಕೆ ಸರ್ಕಾರಿ ಕೆಲಸ ತಪ್ಪಿದರೂ 16ನೇ ವಿಧಿ ಹಿಡಿದು ಹೈಕೋರ್ಟಿಗೆ ರಿಟ್ ಹಾಕಬಹುದು. ಅದಕ್ಕೆ ಮೊದಲು ಮಾಹಿತಿ ಹಕ್ಕಿನಡಿ ಅಂಕಪಟ್ಟಿ ಕೇಳಿ. ಖಾಸಗಿಯಲ್ಲಿ ವಯಸ್ಸು ಹೆಚ್ಚಾಯಿತು ಎಂದು ಬಿಟ್ಟರೆ ಹಿಡಿಯಲು ಅಂಥ ಕಾನೂನಿಲ್ಲ, ಅದರ ಹಿಂದೆ ದುಡ್ಡು ಸುರಿಯಬೇಡಿ.

ದೂರಿಗೆ ಮೊದಲೇ, ಸಾಧ್ಯವಾದರೆ ಇವತ್ತೇ, ಎಚ್‌ಆರ್‌ಗೆ ಒಂದು ಮೇಲ್ ಕಳಿಸಿ. ಆರೋಪ ಬೇಡ, ಕಾನೂನಿನ ಹೆಸರೂ ಬೇಡ. "ಇಂದು ಫೋನಿನಲ್ಲಿ ತಿಳಿಸಿದಂತೆ, ಹೊಸದಾಗಿ ಮದುವೆಯಾದ ಕಾರಣಕ್ಕೆ ನನ್ನನ್ನು ಪರಿಗಣಿಸಿಲ್ಲ ಎಂದು ಅರ್ಥ ಮಾಡಿಕೊಂಡಿದ್ದೇನೆ. ತಪ್ಪಿದ್ದರೆ ದಯವಿಟ್ಟು ತಿಳಿಸಿ" ಎಂದಷ್ಟೇ ಬರೆಯಿರಿ. ನನ್ನಂತೆ ಮೊದಲೇ ಕಾನೂನು ತೆಗೆದರೆ ಮುಂದಿನ ಉತ್ತರ ಅವರ ವಕೀಲರಿಂದ ಬರುತ್ತದೆ, ಅದರಲ್ಲಿ ಮದುವೆಯ ಮಾತೇ ಇರುವುದಿಲ್ಲ.